ಕಂಪನಿ ಕಟ್ಟುವ ಎನ್‌ಪಿಎಸ್: ಮೊದಲು ಕೂಡಿಸಿ, ಆಮೇಲೆ ಕಳೆಯಿರಿ

ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರು ತಾವೇ ಎನ್‌ಪಿಎಸ್ ಎಂಬ ರಾಷ್ಟ್ರೀಯ ಪಿಂಚಣಿ ಯೋಜನೆಗೆ ಹಾಕಿದ ಹಣಕ್ಕೆ ತೆರಿಗೆ ಕಡಿತ ಸಿಗುವುದಿಲ್ಲ. ಅದೇ ಹಣ ಕಂಪನಿಯ ಕಡೆಯಿಂದ ಹೋದರೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ಸಿಗುತ್ತದೆ. ಹಳೆ ಪದ್ಧತಿಯಲ್ಲಿ ಖಾಸಗಿ ನೌಕರರಿಗೆ ಈ ಮಿತಿ ಶೇ 10. ಇಲ್ಲಿನ ಲೆಕ್ಕ 2025-26ನೇ ಸಾಲಿನ ಹೊಸ ಪದ್ಧತಿಯದು.

ಹಂತ 1: ನಿಮ್ಮ ಎನ್‌ಪಿಎಸ್ ಖಾತೆಯ ಪ್ರಾನ್ ಸಂಖ್ಯೆಯನ್ನು ಎಚ್‌ಆರ್‌ಗೆ ಕೊಡಿ. ಈಗಾಗಲೇ ಖಾತೆ ಇದ್ದರೆ ಇನ್ನೊಂದು ತೆರೆಯಬೇಡಿ, ಅದನ್ನೇ ಕಂಪನಿಗೆ ಜೋಡಿಸಲು ಹೇಳಿ. ವಿಮಾ ಏಜೆಂಟರು ಮಾರುವ 'ಪೆನ್ಷನ್ ಪ್ಲಾನ್' ಎನ್‌ಪಿಎಸ್ ಅಲ್ಲ, ಅದಕ್ಕೆ ಈ ಕಡಿತ ಅನ್ವಯಿಸದು.

ಹಂತ 2: ಕಂಪನಿಯ ವಂತಿಗೆಯನ್ನು ವಿಶೇಷ ಭತ್ಯೆಯಿಂದ ತೆಗೆಯಲು ಹೇಳಿ. ಮೂಲವೇತನವನ್ನು ಮುಟ್ಟಲು ಬಿಡಬೇಡಿ. ಅದು ಇಳಿದರೆ ಶೇ 14ರ ಮಿತಿಯೂ ಇಳಿಯುತ್ತದೆ.

ಹಂತ 3: ಹೆಚ್ಚಿನವರು ಎಡವುವುದು ಇಲ್ಲೇ. ಕಂಪನಿ ಕಟ್ಟಿದ ಮೊತ್ತ ಮೊದಲು ನಿಮ್ಮ ಸಂಬಳದ ಆದಾಯಕ್ಕೆ ಸೇರಬೇಕು, ಆಮೇಲೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಸಿಸಿಡಿ(2) ಅಡಿ ಕಳೆಯಬೇಕು. ಸೇರಿಸದೆ ಕಳೆದರೆ ಒಂದೇ ಹಣಕ್ಕೆ ಎರಡು ಸಲ ಕಡಿತ ಪಡೆದಂತಾಗಿ, ಮುಂದೆ ನೋಟಿಸು ಬರಬಹುದು. ಸೇರಿಸಿ ಕಳೆಯದಿದ್ದರೆ ನಷ್ಟ ನಿಮ್ಮದೇ.

ಒಂದು ಲೆಕ್ಕ ನೋಡಿ. ವಾರ್ಷಿಕ ಸಂಬಳ 15 ಲಕ್ಷ, ಅದರಲ್ಲಿ ಮೂಲವೇತನ 7.5 ಲಕ್ಷ, ತುಟ್ಟಿಭತ್ಯೆ ಇಲ್ಲ ಎನ್ನೋಣ. ಶೇ 14 ಎಂದರೆ 1,05,000 ರೂಪಾಯಿ. ಇದು ಆ 15 ಲಕ್ಷದೊಳಗೇ ಇದೆ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 14,25,000, ಎನ್‌ಪಿಎಸ್ ಕಳೆದರೆ 13,20,000. ಸೆಸ್ ಸೇರಿ ತೆರಿಗೆ 97,500ರಿಂದ 81,120ಕ್ಕೆ ಇಳಿಯುತ್ತದೆ. ಉಳಿತಾಯ 16,380. ಆದರೆ ಕೈಗೆ ಬರುವ ಸಂಬಳ ತಿಂಗಳಿಗೆ 7,385 ಕಡಿಮೆಯಾಗುತ್ತದೆ. ಆ ಹಣವನ್ನು ಬೇಕೆಂದಾಗ ತೆಗೆಯಲಾಗದು. ಮನೆ ಸಾಲದ ಕಂತಿಗೇ ಒದ್ದಾಡುತ್ತಿದ್ದರೆ ಶೇ 14ಕ್ಕೆ ಹೋಗದೆ ಶೇ 5ರಿಂದ ಆರಂಭಿಸುವುದೇ ಲೇಸು.

ಪಿಎಫ್, ಎನ್‌ಪಿಎಸ್ ಮತ್ತು ಸೂಪರ್ ಆನ್ಯುಯೇಷನ್ ಎಂಬ ನಿವೃತ್ತಿ ನಿಧಿಗೆ ಕಂಪನಿ ಕಟ್ಟುವುದು ಒಟ್ಟು ವರ್ಷಕ್ಕೆ 7.5 ಲಕ್ಷ ದಾಟಿದರೆ, ದಾಟಿದ್ದಕ್ಕೆ ತೆರಿಗೆ ಬೀಳುತ್ತದೆ. ದೊಡ್ಡ ಸಂಬಳದವರು ಇದನ್ನು ಮರೆಯುತ್ತಾರೆ.

ಹಂತ 4: ಫಾರ್ಮ್ 16 ಬಂದಾಗ ಎರಡು ಕಡೆ ನೋಡಿ. ಮೇಲೆ ಸೆಕ್ಷನ್ 17(1)ರ ಸಂಬಳದಲ್ಲಿ ಆ 1,05,000 ಸೇರಿರಬೇಕು, ಕೆಳಗೆ 80ಸಿಸಿಡಿ(2) ಸಾಲಿನಲ್ಲಿ ಅಷ್ಟೇ ಇರಬೇಕು. 80ಸಿಸಿಡಿ(1ಬಿ) ಎಂಬ 50,000ದ ಸಾಲು ಬೇರೆ, ಅದು ಹಳೆ ಪದ್ಧತಿಯದು. ಪ್ರಾನ್ ಸ್ಟೇಟ್‌ಮೆಂಟಿನಲ್ಲೂ ಹಣ ನೌಕರನ ಕಾಲಂನಲ್ಲಿ ಅಲ್ಲ, ಉದ್ಯೋಗದಾತರ ಕಾಲಂನಲ್ಲಿ ಕಾಣಬೇಕು. ತಪ್ಪಿದ್ದರೆ ರಿಟರ್ನ್ ಸಲ್ಲಿಸುವ ಮೊದಲೇ ಎಚ್‌ಆರ್‌ನಿಂದ ತಿದ್ದಿಸಿಕೊಳ್ಳಿ.