ಕೊಟೇಷನ್ ಕೈಗೆ ಸಿಗೋ ಹಾಗೆ ಸಬ್ಜೆಕ್ಟ್ ಲೈನ್: ನನ್ನ ಅನುಭವ

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ಸಪ್ಲೈಯರ್‌ಗಳಿಗೆ ರೇಟ್ ಕೇಳಿ ಕಳಿಸುವ ಮೇಲ್‌ನ ಸಬ್ಜೆಕ್ಟ್ ಲೈನ್ ಸರಿ ಮಾಡಿದರೆ ದುಡ್ಡು ಉಳಿಯುತ್ತೆ ಅಂದಾಗ ಅಕೌಂಟ್ಸ್‌ನವರು ನಕ್ಕಿದ್ದರು. ಈಗ ಬಿಲ್ ತಾಳೆ ನೋಡೋಕೆ ಅವರೇ ನನ್ನ ನಂಬರ್ ಕೇಳುತ್ತಾರೆ.

ಮೊದಲು ಎಲ್ಲರಿಗೂ ‘ಮೆಟೀರಿಯಲ್ ಎನ್‌ಕ್ವೈರಿ’ ಅಂತಲೇ ಹೋಗುತ್ತಿತ್ತು. ಒಮ್ಮೆ 50 ಎಂಎಂ ಇಎನ್8 ಸ್ಟೀಲ್ ರೌಂಡ್ ಬಾರ್, ಸುಮಾರು 800 ಕೆಜಿ ಬೇಕಿತ್ತು. ಎಲ್ಲರಿಗಿಂತ ಕಡಿಮೆ ರೇಟ್ ಕೊಟ್ಟವರು ಹಳೇ ಎನ್‌ಕ್ವೈರಿಗೆ ರಿಪ್ಲೈ ಒತ್ತಿ ಕಳಿಸಿದ್ದರು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಪರ್ಚೇಸ್ ಆರ್ಡರ್ ಬೇರೆಯವರಿಗೆ ಹೋಗಿತ್ತು. ಕೆಜಿಗೆ 6 ರೂಪಾಯಿ ಜಾಸ್ತಿ. ಹತ್ತಿರ ಹತ್ತಿರ 5 ಸಾವಿರ ಹೋಯ್ತು.

ಆಮೇಲೆ ಸಬ್ಜೆಕ್ಟ್‌ನಲ್ಲಿ RFQ ನಂಬರ್ ಹಾಕೋಕೆ ಶುರು ಮಾಡಿದೆ. RFQ ಅಂದರೆ ಕೊಟೇಷನ್ ಕೇಳುವ ಎನ್‌ಕ್ವೈರಿ. `RFQ0412` ಅಂತ ಅಂಟಿಸಿ ಬರೆದರೆ ಜಿಮೇಲ್‌ನಲ್ಲಿ ಬರೀ 0412 ಹುಡುಕಿದಾಗ ಏನೂ ಬರುವುದಿಲ್ಲ. ಅದು ಪದದ ತುಂಡನ್ನು ಹುಡುಕಲ್ಲ. ಮಧ್ಯೆ ಒಂದು ಅಡ್ಡಗೆರೆ ಹಾಕಿದೆ, ಸಿಕ್ಕಿತು. ಕಂಪನಿ ಹೆಸರನ್ನು ಮೊದಲು ಹಾಕಿ ನೋಡಿದೆ. ಸಪ್ಲೈಯರ್‌ಗಳು ಮೇಲ್ ನೋಡುವುದು ಮೊಬೈಲ್‌ನಲ್ಲಿ, ಅಲ್ಲಿ ಮೊದಲ ನಾಲ್ಕೈದು ಪದ ಮಾತ್ರ ಕಾಣುತ್ತೆ, ಸಾಮಾನಿನ ಹೆಸರೇ ಮಾಯ. ‘ಅರ್ಜೆಂಟ್’ ಅಂತ ಹಾಕಿದ್ದೂ ಸುಮ್ನೆ. ಪ್ರತಿ ಮೇಲ್‌ಗೂ ಅದೇ ಇದ್ದರೆ ಯಾರು ಕೇರ್ ಮಾಡ್ತಾರೆ?

ಕೊನೆಗೆ ನಿಂತಿದ್ದು ಇದು:

```
RFQ-0412 | EN8 Round 50mm | 800 kg | 2024-11-18
```

ಕೊನೆಯಲ್ಲಿರುವುದು ರೇಟ್ ಕೊಡಬೇಕಾದ ಗಡುವು. ವರ್ಷ ಮೊದಲು ಬರೆದರೆ ಶೀಟ್‌ಗೆ ಹಾಕಿ ಸಾರ್ಟ್ ಮಾಡಿದಾಗ ತಾರೀಖು ಕಲಸಿಹೋಗಲ್ಲ. ಗಡುವು ಮುಂದೆ ಹೋದರೆ ಸಬ್ಜೆಕ್ಟ್ ಮುಟ್ಟಬೇಡಿ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾದರೆ ಥ್ರೆಡ್ ಒಡೆಯುತ್ತೆ. ಹೊಸ ತಾರೀಖನ್ನು ಒಳಗೆ ಬರೆದರೆ ಸಾಕು. ಆದರೆ ಡ್ರಾಯಿಂಗ್ ಅಥವಾ ಕ್ವಾಂಟಿಟಿ ಬದಲಾದರೆ ಥ್ರೆಡ್ ಒಡೆಯಲೇಬೇಕು. ಆಗ `RFQ-0412-R1` ಅಂತ ಹೊಸ ಮೇಲ್. ಇಲ್ಲದಿದ್ದರೆ 800 ಕೆಜಿಯ ರೇಟೂ 300 ಕೆಜಿಯ ರೇಟೂ ಒಂದೇ ಕಡೆ ಬಿದ್ದು ಹೋಲಿಕೆಯೇ ಕೆಡುತ್ತೆ.

ನಂಬರ್ ಸಾಮಾನಿಗೆ ಒಂದೇ, ಸಪ್ಲೈಯರ್‌ಗೊಂದಲ್ಲ. ಆದರೆ ಮೇಲ್ ಮಾತ್ರ ಒಬ್ಬೊಬ್ಬರಿಗೂ ಬೇರೆ. ತಮಾಷೆಗೆ ಒಮ್ಮೆ ಕೊನೆಗೆ `2/5` ಅಂತ ಸೇರಿಸಿದ್ದೆ. ಒಬ್ಬರು ಫೋನ್ ಮಾಡಿ, ‘ಸಾರ್, ಐದು ಜನಕ್ಕೆ ಕೇಳಿದ್ದೀರಾ?’ ಅಂದರು. ರೇಟ್ ಸ್ವಲ್ಪ ಇಳಿಸಿದರು ಕೂಡ. ಇನ್ನೊಬ್ಬರು ಕೊಟೇಷನ್ನೇ ಕೊಡಲಿಲ್ಲ. ಬಿಟ್ಟೆ.

ಇಷ್ಟಾದರೂ ಕೆಲವರ ಆಫೀಸಿನವರು ಬೇರೆ ಐಡಿಯಿಂದ ‘ಕೊಟೇಷನ್’ ಅಂತಷ್ಟೇ ಬರೆದು ಕಳಿಸುತ್ತಾರೆ. ಅದಕ್ಕೆ ಮೇಲ್‌ನ ಮೊದಲ ಸಾಲಲ್ಲೇ ‘ಇದಕ್ಕೇ ರಿಪ್ಲೈ ಮಾಡಿ, ಕೊಟೇಷನ್ ಮೇಲೆ ನಮ್ಮ ನಂಬರ್ ಬರೆಯಿರಿ’ ಅಂತ ಹಾಕುತ್ತೇನೆ. ಹತ್ತರಲ್ಲಿ ಏಳೆಂಟು ಜನ ಪಾಲಿಸುತ್ತಾರೆ. ಉಳಿದವರನ್ನು ಹಿಡಿಯೋಕೆ ರಿಪ್ಲೈ ಬರುವ ವಿಳಾಸದಲ್ಲೇ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬಿಚ್ಚಿಡಲ್ಲ, ನಮ್ಮ ಸಪ್ಲೈಯರ್‌ಗಳೂ ಓದುತ್ತಾರೆ ಅಲ್ವಾ?