ಗಂಜಿಯೂ ನಿಲ್ಲುತ್ತದೆ ಎಂದರೆ

ತಿಂದದ್ದು ಎದೆಮೂಳೆಯ ಹಿಂದೆ ನಿಂತಂತಾಗುತ್ತದೆ ಎಂದು ಬಂದವರನ್ನು ನಾನು ಮೊದಲು ಕೇಳುವುದು ಗಂಜಿಯ ಬಗ್ಗೆ. ಅಕ್ಕಿ ಒಟ್ಟಿ, ಕಡಂಬುಟ್ಟು, ಮಾಂಸ ಇಷ್ಟೇ ನಿಲ್ಲುತ್ತದೆಯೋ, ಗಂಜಿ, ನೀರು ಕೂಡ ನಿಲ್ಲುತ್ತದೆಯೋ? ಶುರುವಿನಿಂದಲೂ ಹೀಗೆಯೋ, ಮೊದಲು ಗಟ್ಟಿ ಪದಾರ್ಥ ನಿಂತು ಆಮೇಲೆ ಮೆತ್ತಗಿನದೂ ನಿಲ್ಲತೊಡಗಿತೋ? ಗಟ್ಟಿಯಾದದ್ದು ಮಾತ್ರ ನಿಲ್ಲುತ್ತಿದ್ದರೆ ಅನ್ನನಾಳದ ಒಳದಾರಿ ಎಲ್ಲೋ ಕಿರಿದಾಗಿರಬಹುದು. ಮೊದಲಿನಿಂದಲೂ ನೀರು, ಅನ್ನ ಎರಡೂ ನಿಲ್ಲುತ್ತಿದ್ದರೆ ದಾರಿ ಅಗಲವಾಗಿಯೇ ಇದ್ದು, ತಳ್ಳುವ ಸ್ನಾಯು ಅಥವಾ ಕೆಳತುದಿಯಲ್ಲಿ ತೆರೆದುಕೊಳ್ಳಬೇಕಾದ ಕವಾಟದ ಸ್ನಾಯು ಕೈಕೊಟ್ಟಿರಬಹುದು. ಎಲ್ಲಿ ನಿಲ್ಲುತ್ತದೆ ಎಂದು ಬೆರಳಿಟ್ಟು ತೋರಿಸುವುದನ್ನು ಮಾತ್ರ ನಾನು ಅರ್ಧವೇ ನಂಬುತ್ತೇನೆ. ತಡೆ ಕೆಳತುದಿಯಲ್ಲಿದ್ದರೂ ಗಂಟಲ ಬುಡವನ್ನು ತೋರಿಸುವವರು ಬೇಕಾದಷ್ಟು ಜನ.

ಈ ಪ್ರಶ್ನೆಗಳಿಂದ ಸಿಗುವುದು ಅಂದಾಜು, ಅಷ್ಟೇ. ಅಮ್ಮತ್ತಿ ಕಡೆಯ ತೋಟದಲ್ಲಿ ಕೆಲಸ ಮಾಡುವ, ಐವತ್ತರ ಹತ್ತಿರದ ಒಬ್ಬ ಹೆಂಗಸು ಬಂದಾಗ ಅವರ ಕೈಯಲ್ಲಿ ಒಂದು ಕಟ್ಟು ಚೀಟಿ ಇತ್ತು. ಎಲ್ಲದರಲ್ಲೂ ಬರೆದದ್ದು ಗ್ಯಾಸ್ಟ್ರಿಕ್ ಮಾತ್ರೆಯೇ. ಎದೆಯುರಿ ಇದ್ದದ್ದು ನಿಜ. ಬೇರೆ ಕಡೆ ಮಾಡಿಸಿದ್ದ ಎಂಡೋಸ್ಕೋಪಿಯ ವರದಿಯಲ್ಲಿ ಜಠರ ಸ್ವಲ್ಪ ಕೆಂಪಾಗಿದೆ ಎಂಬುದು ಬಿಟ್ಟರೆ ಮತ್ತೇನೂ ಇರಲಿಲ್ಲ.

"ನೀರು ಸಹ ನಿಲ್ತದೆ ಡಾಕ್ಟ್ರೇ. ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿದ್ರೆ ದಡಕ್ಕಂತ ಇಳೀತದೆ."

"ರಾತ್ರಿ ಮಲಗಿದಾಗ ಏನಾದ್ರೂ ವಾಪಸ್ ಬರ್ತದಾ ಅಮ್ಮ?"

"ಬೆಳಿಗ್ಗೆ ದಿಂಬು ಒದ್ದೆ ಇರ್ತದೆ. ಕೆಮ್ಮು ಬಂದು ಎಚ್ಚರ ಆಗ್ತದೆ."

ವಾಪಸ್ ಬಂದದ್ದು ಹುಳಿಯೋ ಎಂದು ಕೇಳಿದೆ. ಇಲ್ಲ, ತಿಂದ ಅನ್ನದ ರುಚಿಯೇ ಇರುತ್ತದೆ ಎಂದರು. ನನಗೆ ಈ ಉತ್ತರ ಆ ಚೀಟಿಗಳಿಗಿಂತ ಮುಖ್ಯ. ಜಠರಕ್ಕೆ ಇಳಿದು ಹಿಂದೆ ಬಂದದ್ದು ಹುಳಿ ಅಥವಾ ಕಹಿಯಾಗಿರುತ್ತದೆ. ಅನ್ನನಾಳದಲ್ಲೇ ನಿಂತದ್ದಕ್ಕೆ ಆಮ್ಲ ಸೋಕಿರುವುದಿಲ್ಲ. ಹಾಗಾದರೆ ಎದೆಯುರಿ ಎಲ್ಲಿಂದ? ನಿಂತ ಆಹಾರ ಅಲ್ಲೇ ಹುದುಗಿ, ಒಳಪದರವನ್ನು ಕೆರಳಿಸಿದರೂ ಉರಿಯುತ್ತದೆ. ಸ್ನಾಯುವಿನ ತೊಂದರೆಯನ್ನು ವರ್ಷಗಟ್ಟಲೆ ಆಮ್ಲದ ಕಾಯಿಲೆ ಎಂದುಕೊಳ್ಳುವುದು ಹೀಗೆಯೇ.

ಎಂಡೋಸ್ಕೋಪಿಯನ್ನು ಮತ್ತೆ ಮಾಡಿದೆವು. ಈ ಸಲ ಮೊದಲೇ ಎರಡು ದಿನ ಬರೀ ದ್ರವಾಹಾರ, ಆಮೇಲೆ ಖಾಲಿ ಹೊಟ್ಟೆ. ಇಂಥವರಲ್ಲಿ ಒಂದು ರಾತ್ರಿಯ ಉಪವಾಸ ಸಾಲದು. ನಾಳದಲ್ಲಿ ಉಳಿದ ಅನ್ನ ಪರೀಕ್ಷೆಯ ಹೊತ್ತಿಗೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಒಳಗೆ ನೊರೆ ಜೊಲ್ಲು ನಿಂತಿತ್ತು, ನಾಳ ಸ್ವಲ್ಪ ಹಿಗ್ಗಿತ್ತು. ಕೆಳತುದಿ ಮುಚ್ಚಿಯೇ ಇತ್ತು, ಆದರೆ ಮೆಲ್ಲಗೆ ಒತ್ತಿದಾಗ ಸ್ಕೋಪ್ ಒಳಗೆ ಜಾರಿತು. ಗಾಯದ ಕಲೆಯಿಂದ ಕಿರಿದಾಗಿದ್ದರೆ, ಗಡ್ಡೆ ಇದ್ದರೆ ಅದು ಅಷ್ಟು ಸುಲಭವಾಗಿ ಜಾರುವುದಿಲ್ಲ. ಜಠರಕ್ಕೆ ಹೋದ ಮೇಲೆ ಸ್ಕೋಪನ್ನು ಹಿಂದಕ್ಕೆ ತಿರುಗಿಸಿ ಅದೇ ಬಾಯಿಯನ್ನು ಕೆಳಗಿನಿಂದಲೂ ನೋಡಿದೆ. ಅಲ್ಲಿ ಅಡಗಿದ ಕ್ಯಾನ್ಸರ್ ಕೂಡ ಕವಾಟವನ್ನು ಬಿಗಿದು ಇದೇ ಚಿತ್ರ ತೋರಿಸಬಲ್ಲದು. ವಯಸ್ಸಾದವರಲ್ಲಿ, ಕೆಲವೇ ತಿಂಗಳಲ್ಲಿ ತೊಂದರೆ ಶುರುವಾಗಿ ತೂಕ ಸರಸರ ಇಳಿದಿದ್ದರೆ ಈ ಅನುಮಾನ ಇನ್ನೂ ಹೆಚ್ಚು. ಅಲರ್ಜಿಯ ಉರಿಯೂತದಿಂದಲೂ ಆಹಾರ ನಿಲ್ಲಬಹುದು, ಕಣ್ಣಿಗೆ ಅದು ಕಾಣದಿರಬಹುದು. ಅದಕ್ಕೆಂದು ಒಳಪದರದ ಚೂರುಗಳನ್ನು ಬಯಾಪ್ಸಿಗೆ ಕಳಿಸಿದೆ.

ಆಮೇಲೆ ಬೇರಿಯಂ. ರೋಗಿಯನ್ನು ನಿಲ್ಲಿಸಿ ಬಿಳಿ ದ್ರವ ಕುಡಿಸಿ 1, 2 ಮತ್ತು 5 ನಿಮಿಷಕ್ಕೆ ಎಕ್ಸ್‌ರೇ ತೆಗೆಯುತ್ತೇವೆ. ಸರಿಯಿದ್ದ ನಾಳದಲ್ಲಿ ಒಂದು ನಿಮಿಷಕ್ಕೇ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಇವರಲ್ಲಿ 5 ನಿಮಿಷವಾದರೂ ಎದೆಯ ನಡುವೆ ಬಿಳಿ ಕಂಬ ಹಾಗೇ ನಿಂತಿತ್ತು, ಕೆಳತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿತ್ತು.

ಇಷ್ಟಾದ ಮೇಲೂ ನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿಗೆ ಮೈಸೂರಿಗೆ ಕಳಿಸಿದಾಗ ಗಂಡ ತಕರಾರು ತೆಗೆದರು. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ, ಮೂಗಿಗೆ ನಳಿಗೆ ಹಾಕಿಸಿಕೊಳ್ಳಲು ಹೋಗಬೇಕೆ? ತಕರಾರು ನ್ಯಾಯವೇ. ಆದರೆ ಎಂಡೋಸ್ಕೋಪಿ ನಾಳದ ಗೋಡೆ ಹೇಗಿದೆ ಎಂದು ತೋರಿಸುತ್ತದೆ, ಬೇರಿಯಂ ಎಷ್ಟು ನಿಂತಿದೆ ಎಂದು ತೋರಿಸುತ್ತದೆ. ಸ್ನಾಯು ಯಾವಾಗ, ಎಷ್ಟು ಒತ್ತುತ್ತದೆ ಎಂಬುದನ್ನು ಅಳೆಯುವುದು ಇದೊಂದೇ. ಒತ್ತಡ ಅಳೆಯುವ ಸಂವೇದಕಗಳಿರುವ ಸಣ್ಣ ನಳಿಗೆಯನ್ನು ಮೂಗಿನಿಂದ ಇಳಿಸಿ, ಸ್ವಲ್ಪ ಸ್ವಲ್ಪ ನೀರನ್ನು ಹತ್ತು ಸಲ ನುಂಗಿಸುತ್ತಾರೆ. ವರದಿಯಲ್ಲಿ ಒಂದು ಗುಟುಕಿಗೂ ಕವಾಟ ಸರಿಯಾಗಿ ಸಡಿಲವಾಗಿರಲಿಲ್ಲ. ಮೇಲಿನ ನಾಳದಲ್ಲಿ ಅಲೆಯಂತೆ ಇಳಿಯಬೇಕಾದ ಒತ್ತಡ ಉದ್ದಕ್ಕೂ ಒಮ್ಮೆಲೇ ಏರುತ್ತಿತ್ತು. ನುಂಗಿದಾಗ ಕವಾಟ ಸಡಿಲವಾಗದ ಕಾಯಿಲೆಗೆ ಅಕಲೇಷಿಯಾ ಎನ್ನುತ್ತೇವೆ. ಇದು ಅದರ ಎರಡನೇ ವಿಧ, ಚಿಕಿತ್ಸೆಗೆ ಮೂರರಲ್ಲಿ ಚೆನ್ನಾಗಿ ಬಗ್ಗುವಂಥದ್ದು. ಮೂರನೇ ವಿಧದಲ್ಲಿ ಸೆಳೆತ ನಾಳದ ಮೇಲಕ್ಕೂ ಹಬ್ಬಿರುತ್ತದೆ. ಅದಕ್ಕೆ ಕವಾಟದೊಳಗೆ ಬಲೂನ್ ಉಬ್ಬಿಸಿ ಹಿಗ್ಗಿಸುವುದು ಅಷ್ಟಾಗಿ ಸಾಲುವುದಿಲ್ಲ, ಸ್ನಾಯುವನ್ನು ಉದ್ದಕ್ಕೆ ಕೊಯ್ಯಬೇಕಾಗುತ್ತದೆ. ವಿಧ ಗೊತ್ತಾಗದೆ ಇದನ್ನು ನಿರ್ಧರಿಸುವುದು ಹೇಗೆ?

ಅದೇ ಮಳೆಗಾಲದಲ್ಲಿ ಬಂದಿದ್ದ ಒಬ್ಬ ಕಾಫಿ ಬೆಳೆಗಾರರದು ಇದಕ್ಕೆ ತಿರುಗುಮುರುಗು. ವರ್ಷಾನುಗಟ್ಟಲೆ ಎದೆಯುರಿ, ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ದೂಡಿದ್ದರು. ಈಚೆಗೆ ಉರಿ ಕಡಿಮೆಯಾಗಿದೆ, ಪಂದಿಕರಿಯ ತುಂಡು ಮಾತ್ರ ನಿಲ್ಲುತ್ತದೆ ಎಂದು ಖುಷಿಯಲ್ಲೇ ಹೇಳಿದರು. ನನಗೆ ಖುಷಿಯಾಗಲಿಲ್ಲ. ಆಮ್ಲದಿಂದ ಹುಣ್ಣಾಗಿ, ಮಾಯ್ದು, ಕಲೆಗಟ್ಟಿ ನಾಳ ಕಿರಿದಾದಾಗ ಆಮ್ಲ ಮೇಲೆ ಬರುವುದಕ್ಕೂ ಅಡ್ಡಿಯಾಗಿ ಉರಿ ತಗ್ಗುವುದುಂಟು. ಒಳಗಿನ ಅಗಲ ಸುಮಾರು 13 ಮಿ.ಮೀ.ಗಿಂತ ಕಡಿಮೆಯಾದರೆ ಗಟ್ಟಿ ಪದಾರ್ಥ ನಿಲ್ಲತೊಡಗುತ್ತದೆ. ಇವರಲ್ಲಿ ಸ್ಕೋಪ್ ಒಳಗೆ ಹೋಗಲೇ ಇಲ್ಲ. ಎಲೆ ಅಡಿಕೆ, ಹೊಗೆ, ಮದ್ಯ ಮೂರೂ ಇದ್ದವರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದ ಮೇಲೆ ಹಿಗ್ಗಿಸುವ ಕೆಲಸ ಶುರುವಾಯಿತು.

ಎರಡರಲ್ಲೂ ಹಿಗ್ಗಿಸುವುದೇ ತಾನೇ, ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಕಲೆಗಟ್ಟಿದ ನಾಳವನ್ನು ಮಿಲಿಮೀಟರ್ ಲೆಕ್ಕದಲ್ಲಿ, ಕೆಲವು ಕಂತುಗಳಲ್ಲಿ, 15 ಮಿ.ಮೀ. ಆಸುಪಾಸಿಗೆ ತರುತ್ತೇವೆ. ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ದೀರ್ಘಕಾಲ ಕೊಡಬೇಕು, ಇಲ್ಲದಿದ್ದರೆ ಮತ್ತೆ ಕಿರಿದಾಗುತ್ತದೆ. ಅಕಲೇಷಿಯಾದಲ್ಲಿ ಕವಾಟದ ಸ್ನಾಯುವಿನ ಎಳೆಗಳನ್ನೇ ಹರಿಯಬೇಕು, ಅದಕ್ಕೆ ಬೇಕಾದ ಬಲೂನ್ 30 ಮಿ.ಮೀ.ನಿಂದ ಶುರುವಾಗುತ್ತದೆ. ಆ ಬಲೂನನ್ನು ಬೆಳೆಗಾರರ ನಾಳದಲ್ಲಿ ಉಬ್ಬಿಸಿದ್ದರೆ ತೂತು ಬೀಳುತ್ತಿತ್ತು. ಅವರಿಗೆ ಮಾಡಿದ್ದನ್ನು ಆ ಹೆಂಗಸಿಗೆ ಮಾಡಿದ್ದರೆ ಕವಾಟದ ಸ್ನಾಯು ಹಾಗೇ ಬಿಗಿದುಕೊಂಡಿರುತ್ತಿತ್ತು.

ಆ ಹೆಂಗಸು ಬಲೂನ್ ಚಿಕಿತ್ಸೆ ಆರಿಸಿಕೊಂಡರು. ಕವಾಟವನ್ನು ಸಡಿಲಿಸುವ ನರಕೋಶ ಸತ್ತೇ ಈ ಕಾಯಿಲೆ ಬರುವುದು, ಅವು ಇದರಿಂದ ಮರಳುವುದಿಲ್ಲ. ನಾಳ ಇವತ್ತಿಗೂ ತಾನಾಗಿ ತಳ್ಳುವುದಿಲ್ಲ, ಆಹಾರ ತನ್ನ ಭಾರಕ್ಕೆ ಇಳಿಯುತ್ತದೆ ಅಷ್ಟೇ. ಹಾಗಾಗಿ ಚೆನ್ನಾಗಿ ಅಗಿದು, ಕೂತು ತಿಂದು, ಮಲಗುವುದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿಸಬೇಕು. ಸಡಿಲವಾದ ಕವಾಟದಿಂದ ಈಗ ನಿಜವಾದ ಆಮ್ಲ ಮೇಲೆ ಬರಬಹುದು, ಅದಕ್ಕೆ ಹಳೆಯ ಗ್ಯಾಸ್ಟ್ರಿಕ್ ಮಾತ್ರೆಯನ್ನೇ ಬರೆದುಕೊಟ್ಟೆ. ಅವರು ನಕ್ಕರು. ಬೇರಿಯಂ ಮತ್ತೆ ಮಾಡಿ ನೋಡಿದಾಗ ಕಂಬ ತುಂಬ ಗಿಡ್ಡವಾಗಿತ್ತು. ನೀರು ನಿಲ್ಲುತ್ತಿಲ್ಲ ಎಂದು ರೋಗಿ ಹೇಳಿದರೂ ಈ ಚಿತ್ರ ಬೇಕು, ಯಾಕೆಂದರೆ ಹಿಗ್ಗಿದ ನಾಳ ಕೆಲವರಲ್ಲಿ ತುಂಬಿಕೊಂಡೂ ಸುಮ್ಮನಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. ಮಾಂಸದ ತುಂಡು ಸಿಕ್ಕಿಕೊಂಡು ಜೊಲ್ಲು ಕೂಡ ನುಂಗಲಾಗದಿದ್ದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸಿ ತಳ್ಳಲು ನೋಡಬೇಡಿ. ತಳ್ಳಿದ್ದೆಲ್ಲ ಅದರ ಮೇಲೆಯೇ ಕೂರುತ್ತದೆ. ಆ ಹೊತ್ತಿಗೇ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಿ.