48 ಸೆಕೆಂಡಿನ ಸೀರೆ ಜಾಹೀರಾತು 30ಕ್ಕೆ ಇಳಿದ ಬಗೆ

ಬಾಗಲಕೋಟೆಯ ಸೀರೆ ಅಂಗಡಿಯೊಂದಕ್ಕೆ ಪಂಚಮಿ ಹಬ್ಬದ ಜಾಹೀರಾತು ಮಾಡಿಕೊಡುವ ಕೆಲಸ ಬಂದಿತ್ತು. ಲೋಕಲ್ ಕೇಬಲ್ ಚಾನೆಲ್‌ನಲ್ಲಿ 30 ಸೆಕೆಂಡಿನ ಸ್ಲಾಟ್ ಬುಕ್ ಆಗಿತ್ತು. ಮಾಲೀಕರೂ ಅವರ ತಮ್ಮನೂ ಸೇರಿ ಒಪ್ಪಿಕೊಂಡ ಸ್ಕ್ರಿಪ್ಟನ್ನು ಗಡಿಯಾರ ಹಿಡಿದು ಓದಿಸಿದರೆ 48 ಸೆಕೆಂಡ್ ಬಂತು.

ಟಿವಿ ಸಮಯ 10 ಸೆಕೆಂಡಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಸ್ಲಾಟ್ ಮೀರಿದರೆ ಒಂದೋ ಜಾಸ್ತಿ ದುಡ್ಡು ಕಟ್ಟಬೇಕು, ಇಲ್ಲವೇ ಬಾಲ ಕತ್ತರಿಸಿ ಹೋಗುತ್ತದೆ. ಆಫರ್ ಇರುವುದು ಆ ಬಾಲದಲ್ಲೇ ಅಲ್ವಾ? ಅದಕ್ಕೇ ಉದ್ದವಾದ ಸ್ಕ್ರಿಪ್ಟ್‌ನಲ್ಲಿ ಮೊದಲು ಹೋಗುವುದು ಅಂಗಡಿಯವರು ದುಡ್ಡು ಕೊಟ್ಟು ಹೇಳಿಸುವ ಮಾತೇ. ಇನ್ನೊಂದು ವಿಷಯ: 30 ಸೆಕೆಂಡ್ ಅಂದರೆ 25 ಫ್ರೇಮಿನ ಲೆಕ್ಕದಲ್ಲಿ 750 ಫ್ರೇಮ್. ಅಷ್ಟನ್ನೂ ಮಾತಿನಿಂದ ತುಂಬಬಾರದು. ಕೊನೆಯಲ್ಲಿ ಹೆಸರು, ಫೋನ್ ನಂಬರ್ ಇರುವ ಪ್ಲೇಟ್ ನಿಲ್ಲಲು ಜಾಗ ಬೇಕು. ಹಾಗಾಗಿ ಮಾತು 26ರೊಳಗೆ ಮುಗಿಯಬೇಕು ಅಂತ ಗೆರೆ ಎಳೆದೆ.

ಕತ್ತರಿ ಹಿಡಿಯುವ ಮೊದಲು ಸ್ಕ್ರಿಪ್ಟನ್ನು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಸಮಯ ಹಾಕಿದೆ. ಪದ ಎಣಿಸುವ ಇಂಗ್ಲಿಷ್ ಲೆಕ್ಕ ಕನ್ನಡಕ್ಕೆ ಬರುವುದಿಲ್ಲ. 'ಖರೀದಿಸಿದವರಿಗೆ' ಅನ್ನುವುದು ಎಣಿಕೆಗೆ ಒಂದೇ ಪದ, ಬಾಯಿಗೆ ಎಂಟು ಅಕ್ಷರ. ನಾನು ಅಕ್ಷರ ಎಣಿಸುತ್ತೇನೆ. ನಮ್ಮ ಧ್ವನಿ ಕಲಾವಿದರು ಸಮಾಧಾನವಾಗಿ ಓದಿದರೆ ಸೆಕೆಂಡಿಗೆ ಐದಾರು ಅಕ್ಷರ.

ಶುರುವಿನಲ್ಲಿ ಅವ್ವ–ಮಗಳ ಮಾತು. ಪಂಚಮಿಗೆ ತವರಿಗೆ ಬಂದ ಮಗಳು ಟ್ರಂಕು ತೆಗೆದು ಹಳೆಯ ಇಳಕಲ್ ಸೀರೆ ಎತ್ತುತ್ತಾಳೆ.

"ಅವ್ವಾ, ಈ ಸೀರಿ ನನಗ ಬೇಕು."
"ನನ್ನ ಜೀವಾ ಕೇಳು, ಕೊಡ್ತೀನಿ. ಈ ಸೀರಿ ಬ್ಯಾಡ!"

ನಡುವಿನ ಸಣ್ಣ ಮೌನವೂ ಸೇರಿ ಇದಕ್ಕೆ 6 ಸೆಕೆಂಡ್. ಆಮೇಲೆ ಸೀರೆಯ ವರ್ಣನೆ 11, ಅಂಗಡಿಯ ಹೊಗಳಿಕೆ 7, ಆಫರ್ 14, ವಿಳಾಸ ಮತ್ತು ಫೋನ್ 10. ಲೆಕ್ಕ ಮುಂದಿಟ್ಟಾಗ ಮಾಲೀಕರಿಗೇ ಆಶ್ಚರ್ಯ. ಎಲ್ಲಕ್ಕಿಂತ ಜಾಸ್ತಿ ಜಾಗ ತಿನ್ನುತ್ತಿದ್ದದ್ದು ಆಫರ್. ಅದು ಹೀಗಿತ್ತು:

"ಪಂಚಮಿ ಹಬ್ಬದ ಪ್ರಯುಕ್ತ ವಿಶೇಷ ಕೊಡುಗೆಯಾಗಿ, ಎರಡು ಇಳಕಲ್ ಸೀರೆಗಳನ್ನು ಖರೀದಿಸಿದವರಿಗೆ ಒಂದು ಗುಳೇದಗುಡ್ಡ ಖಣವನ್ನು ಸಂಪೂರ್ಣ ಉಚಿತವಾಗಿ ನೀಡಲಾಗುವುದು. ಈ ಕೊಡುಗೆ ಹಬ್ಬದ ದಿನದವರೆಗೆ ಮಾತ್ರ."

ಆಫರ್ ಉಳಿಸಬೇಕು ಅಂದರೆ ಈ ವಾಕ್ಯವನ್ನು ಉಳಿಸಬೇಕು ಅಂತಲ್ಲ. ಕೇಳುವವರಿಗೆ ಬೇಕಾದ್ದು ಮೂರೇ: ಏನು ಸಿಗುತ್ತದೆ, ಏನು ಮಾಡಿದರೆ ಸಿಗುತ್ತದೆ, ಯಾವತ್ತಿನ ತನಕ. ಇಷ್ಟಕ್ಕೆ ಈ ಮಾತು ಸಾಕು: "ಎರಡು ಇಳಕಲ್ ಸೀರೆ ತಗೊಳ್ಳಿ, ಒಂದು ಗುಳೇದಗುಡ್ಡ ಖಣ ಉಚಿತ. ಪಂಚಮಿ ತನಕ ಮಾತ್ರ." ಆರೇ ಸೆಕೆಂಡ್. ನಾನು ಬಜೆಟ್‌ನಲ್ಲಿ 7 ಕೊಟ್ಟೆ. ಆಫರನ್ನು ಅವಸರದಲ್ಲಿ ಓದಿಸಬಾರದು.

ಮಾಲೀಕರ ತಮ್ಮ ಇನ್ನೂ ಮುಂದೆ ಹೋದರು. "ಅಲ್ರೀ ಸರ, 'ಸೀರಿ ಜೋಡಿ ಖಣ ಉಚಿತ' ಅಂದ್ರ ಸಾಕಲ್ರೀ?" ಸಾಕಾಗುವುದಿಲ್ಲ. ಒಂದೇ ಸೀರೆ ತಗೊಂಡವರು ಕೌಂಟರಿನಲ್ಲಿ ಖಣ ಕೇಳುತ್ತಾರೆ, ಅವರು ಕೇಳುವುದು ನ್ಯಾಯವೂ ಹೌದು. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯೂ ಇದೆ. ಮುಖ್ಯ ಷರತ್ತನ್ನು ಬಚ್ಚಿಡಬಾರದು. ಷರತ್ತಿನ ಸಾಲು, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಇರಬೇಕು. ಹಾಗಾಗಿ ಕನ್ನಡದಲ್ಲಿ ಆಫರ್ ಹೇಳಿ, ಷರತ್ತನ್ನು ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ತುರುಕುವ ಹಳೆಯ ಚಾಳಿ ನಡೆಯುವುದಿಲ್ಲ. 'ಎರಡು' ಅನ್ನುವ ಮೂರು ಅಕ್ಷರಕ್ಕೆ ನಾನು ಕೈ ಹಚ್ಚಲಿಲ್ಲ.

ಇದೇ ಅಪಾಯ ಸೀರೆಯ ವರ್ಣನೆಯಲ್ಲೂ ಇತ್ತು. ಮೂಲದಲ್ಲಿ "ತಲೆತಲಾಂತರದಿಂದ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಮನ ಗೆದ್ದ, ಹತ್ತಿಯ ಒಡಲು, ರೇಷ್ಮೆಯ ಸೆರಗು, ಕೊಂಡಿ ಹಾಕಿ ಕೈಮಗ್ಗದಲ್ಲಿ ನೇಯ್ದ ಅಪ್ಪಟ ಇಳಕಲ್ ಸೀರೆಗಳು" ಅಂತ ಇತ್ತು. 'ರೇಷ್ಮೆಯ ಇಳಕಲ್ ಸೀರೆ' ಅಂತ ಮಾಡಿದರೆ ಚುಟುಕಾಗುತ್ತದೆ, ಜೊತೆಗೆ ಸುಳ್ಳೂ ಆಗುತ್ತದೆ. ಅಲ್ಲಿ ಮಾರುತ್ತಿದ್ದ ಸೀರೆಯ ಒಡಲು ಹತ್ತಿ, ಸೆರಗು ಮಾತ್ರ ರೇಷ್ಮೆ. ಕತ್ತರಿಸುವಾಗ ಮೊದಲು ಉದುರುವುದು ಇಂಥ ಮಿತಿ ಹೇಳುವ ಸಣ್ಣ ಪದಗಳೇ. ನಾನು ಅವುಗಳನ್ನು ಮೊದಲೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಇಟ್ಟುಕೊಳ್ಳುತ್ತೇನೆ. ಉಳಿದದ್ದು: "ಹತ್ತಿಯ ಒಡಲು, ರೇಷ್ಮೆ ಸೆರಗು. ಕೈಮಗ್ಗದ ಇಳಕಲ್ ಸೀರೆ." ಉಸಿರು ಸೇರಿ 5 ಸೆಕೆಂಡ್.

ಕೊಂಡಿ ಹೋಯಿತಲ್ಲ ಅಂತ ಮಾಲೀಕರು ಬೇಜಾರಾದರು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಸೇರಿಸುವುದೇ ಇಳಕಲ್ ಸೀರೆಯ ಗುರುತು, ಅವರ ಹೆಮ್ಮೆ ಸರಿಯೇ. ಆದರೆ ಅದನ್ನು ನೋಡದವರಿಗೆ ಆ ಮಾತು ಕೇಳಿ ಏನೂ ಗೊತ್ತಾಗುವುದಿಲ್ಲ. "ಸಾವ್ಕಾರ್ರ, ಕೊಂಡಿ ಹಾಕೋದನ್ನ ತೋರಿಸೋಣು, ಹೇಳೋದು ಬ್ಯಾಡ" ಅಂದೆ. ನೇಕಾರರ ಬೆರಳುಗಳ ಹತ್ತಿರದ ಶಾಟ್ ಆ 5 ಸೆಕೆಂಡಿನ ಮೇಲೆ ಕೂತಿತು. ಫೋನ್ ನಂಬರಿನದೂ ಅದೇ ಕಥೆ. ಹತ್ತು ಅಂಕಿ ಓದಲು ಐದಾರು ಸೆಕೆಂಡ್ ಬೇಕು, ಕೇಳಿ ಬರೆದುಕೊಳ್ಳುವವರು ಯಾರೂ ಇಲ್ಲ. ಅದು ಪ್ಲೇಟಿಗೆ ಹೋಯಿತು. ಬಾಯಲ್ಲಿ ಉಳಿದದ್ದು ಅಂಗಡಿಯ ಹೆಸರು ಮತ್ತು "ಬಸ್ ಸ್ಟ್ಯಾಂಡ್ ಎದುರು, ಬಾಗಲಕೋಟೆ". 4 ಸೆಕೆಂಡ್. ಮಾಲೀಕರು ಕೈ ಮುಗಿದು ನಿಲ್ಲುವ ಶಾಟನ್ನೂ ಅಲ್ಲೇ ಸೇರಿಸಿದೆ. ಅದಿಲ್ಲದೆ ನಮ್ಮ ಕಡೆ ಬಿಲ್ ಪಾಸಾಗುವುದಿಲ್ಲ ಬಿಡಿ.

'ನಿಮ್ಮ ನೆಚ್ಚಿನ, ನಿಮ್ಮ ನಂಬಿಕೆಯ, ಒಂದೇ ಸೂರಿನಡಿ' ಎಂಬ 7 ಸೆಕೆಂಡಿನ ಹೊಗಳಿಕೆ ಪೂರ್ತಿ ಹೋಯಿತು. ಆದರೆ ಅದು ಹೋದ ಕೂಡಲೇ ಬೇರೊಂದು ತೊಂದರೆ ಕಂಡಿತು. ಅವ್ವ 'ಬ್ಯಾಡ' ಅಂದ ತಕ್ಷಣ ಹತ್ತಿ, ರೇಷ್ಮೆ ಅಂತ ದನಿ ಶುರುವಾದರೆ ಎರಡು ಬೇರೆ ಜಾಹೀರಾತು ಅಂಟಿಸಿದ ಹಾಗೆ ಕೇಳಿಸುತ್ತಿತ್ತು. ಅದಕ್ಕೆ 2 ಸೆಕೆಂಡ್ ವಾಪಸ್ ಕೊಟ್ಟು ಅವ್ವನಿಗೆ ಒಂದು ಸಾಲು ಬರೆದೆ: "ನಡಿ, ನಿನಗ ಹೊಸಾದ ತರೂಣು." ಇಲ್ಲಿಂದ ಕಥೆ ಅಂಗಡಿಯ ಕಡೆ ತಾನೇ ನಡೆಯುತ್ತದೆ.

ಈಗ ಕೂಡಿಸಿ: 6, 2, 5, 7, 4. ಒಟ್ಟು 24. ಅವ್ವನ ಮಾತಿನ ನಂತರ ಒಂದು ಸೆಕೆಂಡ್, ಆಫರ್‌ಗೆ ಮುಂಚೆ ಒಂದು ಸೆಕೆಂಡ್ ಸುಮ್ನೆ ಬಿಟ್ಟೆ. 26 ಆಯಿತು. ಉಳಿದ 4 ಪ್ಲೇಟಿಗೆ.

"ಇಷ್ಟೆಲ್ಲಾ ಯಾಕ್ರೀ, ಆಡಿಯೋ ಸ್ವಲ್ಪ ಫಾಸ್ಟ್ ಮಾಡ್ರಿ" ಅನ್ನುವವರು ಎಲ್ಲ ಕಡೆ ಇರುತ್ತಾರೆ. ಒಂದೂವರೆ ಸೆಕೆಂಡ್ ಮೀರಿದ್ದರೆ ಅದು ನಡೆಯುತ್ತದೆ. ನೂರಕ್ಕೆ ಐದರಷ್ಟು ವೇಗ ಹೆಚ್ಚಿಸಿದರೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಒತ್ತಕ್ಷರಗಳು ನುಂಗಿಹೋಗುತ್ತವೆ, 'ಗುಳೇದಗುಡ್ಡ' ಅಸ್ಪಷ್ಟವಾಗುತ್ತದೆ. 48ನ್ನು 30 ಮಾಡಲು ಅದು ದಾರಿಯೇ ಅಲ್ಲ.

ರೆಕಾರ್ಡಿಂಗಿಗೆ ಮುಂಚೆ ಅಂಗಡಿಗೆ ಬಂದಿದ್ದ ಒಬ್ಬ ಅಕ್ಕನಿಗೆ ಒಂದೇ ಸಲ ಓದಿ ಹೇಳಿ, ಏನು ಕೇಳಿಸಿತು ಅಂದೆ. "ಎರಡು ಸೀರಿಗೆ ಒಂದು ಖಣ, ಪಂಚಮಿ ಮಟ" ಅಂದರು. ಮೂರೂ ಬಂದವು. ಮೂರರಲ್ಲಿ ಒಂದು ಬಿಟ್ಟುಹೋದರೆ ಆಫರ್ ಸಾಲನ್ನು ಮತ್ತೆ ಬರೆಯಬೇಕು ಅಂತಲೇ ಅರ್ಥ.

ಇದನ್ನೇ ಯೂಟ್ಯೂಬಿಗೆ ಹಾಕುವಾಗ 5 ಸೆಕೆಂಡಿಗೆ ಸ್ಕಿಪ್ ಬಟನ್ ಬರುತ್ತದೆ. ಅಲ್ಲಿ ಶುರುವಿನ ಮೌನ ತೆಗೆದು 'ಬ್ಯಾಡ' 5ರೊಳಗೆ ಬರುವಂತೆ ಮಾಡಿದೆ, ಅಂಗಡಿಯ ಹೆಸರನ್ನು ಮೊದಲ ಫ್ರೇಮಿನಿಂದಲೇ ಮೂಲೆಯಲ್ಲಿ ಇಟ್ಟೆ. ಹಬ್ಬದ ಹಿಂದಿನ ವಾರಕ್ಕೆ 10 ಸೆಕೆಂಡಿನದೂ ಬೇಕಾಯಿತು. ಅದರಲ್ಲಿ ಮಗಳು "ಅವ್ವಾ, ಈ ಸೀರಿ ನನಗ" ಅನ್ನುತ್ತಾಳೆ, ಅವ್ವ "ಬ್ಯಾಡ!" ಅನ್ನುತ್ತಾಳೆ, ನೇರವಾಗಿ ಆಫರ್. ಹೆಸರು, ನಂಬರ್ ಪರದೆಯ ಮೇಲೆ. ಆಫರಿನ ಸಾಲಿನಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ.